ಕವಲಿನುದ್ದಕ್ಕೂ ಗುಣಿಸಿ, ತುದಿಗಳಲ್ಲಿ ಕೂಡಿಸಿ: ಸಂಭವನೀಯತೆಯ ವೃಕ್ಷಚಿತ್ರವನ್ನು ಬಳಸುವ ಬಗೆ

ಒಂದು ಚೀಲದಲ್ಲಿ 5 ಕೆಂಪು ಮತ್ತು 3 ನೀಲಿ ಚೆಂಡುಗಳಿವೆ. ನೋಡದೆ ಒಂದು ಚೆಂಡನ್ನು ತೆಗೆದು, ಅದನ್ನು ಮರಳಿ ಹಾಕದೆ ಇನ್ನೊಂದನ್ನು ತೆಗೆಯಲಾಗುತ್ತದೆ. ಎರಡೂ ಒಂದೇ ಬಣ್ಣದವಾಗಿರುವ ಸಂಭವನೀಯತೆ ಎಷ್ಟು?

ಪರೀಕ್ಷೆಯಲ್ಲಿ ಸಂಖ್ಯೆಗಳು ಬದಲಾಗಬಹುದು, ಚೆಂಡಿನ ಬದಲು ಕಾರ್ಡೋ ಬಲ್ಬೋ ಬರಬಹುದು, ಆದರೆ ಪ್ರಶ್ನೆಯ ಹಂದರ ಇದೇ. ಹಾಗಾಗಿ ಇದೊಂದೇ ಚೀಲವನ್ನು ಹಿಡಿದು ಕೊನೆಯವರೆಗೂ ಹೋಗೋಣ. ಇದನ್ನು ಪೂರ್ತಿ ಅರ್ಥಮಾಡಿಕೊಂಡರೆ ಉಳಿದ ಹತ್ತು ಲೆಕ್ಕಗಳನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಮೊದಲ ಹೆಜ್ಜೆ ಚಿತ್ರ. ಹಾಳೆಯ ಎಡ ಅಂಚಿನಲ್ಲಿ ಒಂದು ಚುಕ್ಕೆ ಇಡಿ. ಅದರಿಂದ ಬಲಕ್ಕೆ ಎರಡು ಗೆರೆಗಳನ್ನು ಎಳೆದು, ಮೇಲಿನದರ ತುದಿಯಲ್ಲಿ ‘ಕೆಂಪು’, ಕೆಳಗಿನದರ ತುದಿಯಲ್ಲಿ ‘ನೀಲಿ’ ಎಂದು ಬರೆಯಿರಿ. ಇದು ಮೊದಲ ಚೆಂಡು. ಈಗ ಆ ಎರಡು ತುದಿಗಳಿಂದಲೂ ಮತ್ತೆ ಎರಡೆರಡು ಗೆರೆಗಳನ್ನು ಎಳೆಯಿರಿ. ಅದು ಎರಡನೆಯ ಚೆಂಡು. ಬಲ ಅಂಚಿನಲ್ಲಿ ನಾಲ್ಕು ತುದಿಗಳು ಸಿಗುತ್ತವೆ. ಚಿತ್ರಕ್ಕೆ ಧಾರಾಳವಾಗಿ ಜಾಗ ಕೊಡಿ. ಗೆರೆಗಳ ಮೇಲೆ ಭಿನ್ನರಾಶಿ ಬರೆಯಬೇಕು, ತುದಿಗಳ ಪಕ್ಕದಲ್ಲಿ ಗುಣಲಬ್ಧ ಬರೆಯಬೇಕು. ಮೂಲೆಯಲ್ಲಿ ಇಕ್ಕಟ್ಟಾಗಿ ಬರೆದ ಮರದಲ್ಲಿ 4/7 ಯಾವ ಗೆರೆಗೆ ಸೇರಿದ್ದು ಎಂಬುದು ಬರೆದವರಿಗೇ ತಿಳಿಯದಂತಾಗುತ್ತದೆ.

ಎರಡನೆಯ ಹೆಜ್ಜೆ ಗೆರೆಗಳ ಮೇಲೆ ಸಂಖ್ಯೆ ತುಂಬುವುದು. ಮೊದಲ ಕವಲು ಸುಲಭ: ಕೆಂಪಿಗೆ 5/8, ನೀಲಿಗೆ 3/8. ಎರಡನೆಯ ಕವಲಿಗೆ ಬಂದಾಗ ಪ್ರತಿ ಸಲವೂ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಈ ಕವಲಿನಲ್ಲಿ ನಿಂತಾಗ ಚೀಲದೊಳಗೆ ಏನೇನು ಉಳಿದಿದೆ? ಮೊದಲು ಕೆಂಪು ಬಂದಿದ್ದರೆ ಉಳಿದಿರುವುದು 4 ಕೆಂಪು, 3 ನೀಲಿ. ಆದ್ದರಿಂದ ಮೇಲಿನ ಕವಲಿನಲ್ಲಿ 4/7 ಮತ್ತು 3/7. ಮೊದಲು ನೀಲಿ ಬಂದಿದ್ದರೆ ಉಳಿದಿರುವುದು 5 ಕೆಂಪು, 2 ನೀಲಿ. ಕೆಳಗಿನ ಕವಲಿನಲ್ಲಿ 5/7 ಮತ್ತು 2/7. ಹೆಚ್ಚಿನ ಅಂಕಗಳು ಕೈಬಿಡುವುದು ಇಲ್ಲಿಯೇ. ಛೇದವನ್ನು 8ರಿಂದ 7ಕ್ಕೆ ಇಳಿಸಲು ಮರೆಯುವವರು ಕೆಲವರು. ಛೇದ ಇಳಿಸಿ, ಅಂಶವನ್ನು ಹಾಗೆಯೇ ಉಳಿಸುವವರು ಇನ್ನೂ ಹೆಚ್ಚು. ಎರಡನೆಯ ತಪ್ಪನ್ನು ಹಿಡಿಯುವುದು ಸುಲಭ. ಒಂದೇ ಚುಕ್ಕೆಯಿಂದ ಹೊರಡುವ ಗೆರೆಗಳ ಮೊತ್ತ ಯಾವಾಗಲೂ 1 ಆಗಬೇಕು. 5/7 ಮತ್ತು 3/7 ಎಂದು ಬರೆದಿದ್ದರೆ ಮೊತ್ತ 8/7 ಆಗಿ ತಪ್ಪು ತಾನಾಗಿಯೇ ಹೊರಬೀಳುತ್ತದೆ. ಮೊದಲನೆಯ ತಪ್ಪು ಹೀಗೆ ಸಿಕ್ಕಿಬೀಳುವುದಿಲ್ಲ, ಏಕೆಂದರೆ 5/8 ಮತ್ತು 3/8 ಕೂಡಿದರೆ 1 ಆಗಿಯೇ ಆಗುತ್ತದೆ. ಅದಕ್ಕಿರುವ ಮದ್ದು ಒಂದೇ: ಪ್ರಶ್ನೆಯಲ್ಲಿ ‘ಮರಳಿ ಹಾಕದೆ’ ಎಂಬ ಮಾತು ಕಂಡೊಡನೆ ಅದರ ಕೆಳಗೆ ಗೆರೆ ಎಳೆಯುವುದು. ‘ಎರಡು ಚೆಂಡುಗಳನ್ನು ಒಟ್ಟಿಗೆ ತೆಗೆಯಲಾಗಿದೆ’ ಎಂದಿದ್ದರೂ ಇದೇ ಮರ. ಒಂದು ಕೈಗೆ ಮೊದಲು ಸಿಕ್ಕಿತು, ಇನ್ನೊಂದು ಆಮೇಲೆ ಸಿಕ್ಕಿತು ಎಂದುಕೊಂಡರೆ ಲೆಕ್ಕ ಕೊಂಚವೂ ಬದಲಾಗುವುದಿಲ್ಲ.

ಮೂರನೆಯ ಹೆಜ್ಜೆ ಗುಣಾಕಾರ. ಎಡ ಚುಕ್ಕೆಯಿಂದ ಒಂದು ತುದಿಯವರೆಗಿನ ದಾರಿಯಲ್ಲಿ ಸಿಗುವ ಭಿನ್ನರಾಶಿಗಳನ್ನೆಲ್ಲ ಗುಣಿಸಿ, ಆ ತುದಿಯ ಪಕ್ಕದಲ್ಲಿ ಬರೆಯಿರಿ:

ಕೆಂಪು, ಕೆಂಪು: 5/8 × 4/7 = 20/56
ಕೆಂಪು, ನೀಲಿ: 5/8 × 3/7 = 15/56
ನೀಲಿ, ಕೆಂಪು: 3/8 × 5/7 = 15/56
ನೀಲಿ, ನೀಲಿ: 3/8 × 2/7 = 6/56

ಗುಣಿಸುವುದೇಕೆ? ಸೂತ್ರ ಹೇಳಿ ಸುಮ್ಮನಾಗುವುದಕ್ಕಿಂತ ಹೀಗೆ ಯೋಚಿಸಿ. ಈ ಪ್ರಯೋಗವನ್ನು 56 ಸಲ ಮಾಡಿದಿರಿ ಎನ್ನೋಣ, ಫಲಿತಾಂಶಗಳು ಸಂಭವನೀಯತೆಗೆ ಸರಿಯಾಗಿ ಹಂಚಿಕೊಂಡವು ಎಂದೂ ಅಂದುಕೊಳ್ಳೋಣ. ಮೊದಲ ಚೆಂಡು ಕೆಂಪಾಗುವುದು 56ರ 5/8 ಭಾಗ, ಅಂದರೆ 35 ಸಲ. ಎರಡನೆಯದೂ ಕೆಂಪಾಗುವುದು ಆ 35ರ 4/7 ಭಾಗ, ಅಂದರೆ 20 ಸಲ. ನಾವು ಮಾಡಿದ್ದು ಭಾಗದ ಭಾಗವನ್ನು ತೆಗೆದದ್ದು. ಭಾಗದ ಭಾಗ ಎಂದರೆ ಗುಣಾಕಾರವೇ. ಇದು ಮನಸ್ಸಿನಲ್ಲಿ ನಿಂತರೆ ಕವಲಿನುದ್ದಕ್ಕೂ ಕೂಡಿಸುವ ತಪ್ಪು ಎಂದಿಗೂ ಆಗದು. ದಾರಿ ಉದ್ದವಾದಷ್ಟೂ ಸಂಭವನೀಯತೆ ಹಿಗ್ಗಲಾರದು. ತುದಿಯಲ್ಲಿನ ಸಂಖ್ಯೆ ಆ ದಾರಿಯ ಯಾವುದೇ ಗೆರೆಯ ಸಂಖ್ಯೆಗಿಂತ ದೊಡ್ಡದಾಗಿದ್ದರೆ ಗುಣಿಸುವ ಬದಲು ಕೂಡಿಸಿದ್ದೀರಿ ಎಂದೇ ಅರ್ಥ.

20/56 ಅನ್ನು ಇಲ್ಲಿಯೇ 5/14 ಎಂದು ಸಂಕ್ಷೇಪಿಸಲು ಕೈ ತವಕಿಸುತ್ತದೆ. ದಯವಿಟ್ಟು ತಡೆಯಿರಿ. ಛೇದ 56 ಆಗಿಯೇ ಇದ್ದರೆ ಮುಂದಿನ ಸಂಕಲನ ಬರೀ ಅಂಶಗಳನ್ನು ಕೂಡುವ ಕೆಲಸ. ಪರೀಕ್ಷಿಸಿ ನೋಡುವುದೂ ಸುಲಭ: 20, 15, 15, 6 ಕೂಡಿದರೆ 56. ಎಲ್ಲ ತುದಿಗಳ ಮೊತ್ತ 1. ಉತ್ತರಕ್ಕೆ ಕೈಹಾಕುವ ಮೊದಲು ಈ ಅರ್ಧ ನಿಮಿಷವನ್ನು ಖಂಡಿತ ಕೊಡಿ.

ನಾಲ್ಕನೆಯ ಹೆಜ್ಜೆಯಲ್ಲಿ ಮತ್ತೆ ಪ್ರಶ್ನೆಗೆ ಮರಳಿ, ಕೇಳಿದ್ದಕ್ಕೆ ಒಪ್ಪುವ ತುದಿಗಳಿಗೆ ಗುರುತು ಹಾಕಿ, ಅವನ್ನು ಮಾತ್ರ ಕೂಡಿಸಬೇಕು. ಒಂದೇ ಬಣ್ಣ ಎಂದರೆ ಮೊದಲನೆಯ ಮತ್ತು ಕೊನೆಯ ತುದಿ: 20/56 + 6/56 = 26/56 = 13/28. ಇದು ಉತ್ತರ. ಕೂಡಿಸಬಹುದು ಏಕೆಂದರೆ ಒಂದು ಪ್ರಯೋಗ ಒಂದೇ ತುದಿಯಲ್ಲಿ ಮುಗಿಯುತ್ತದೆ. ಎರಡು ತುದಿಗಳು ಒಮ್ಮೆಗೇ ಘಟಿಸಲಾರವು, ಯಾವುದನ್ನೂ ಎರಡು ಸಲ ಎಣಿಸಿದಂತಾಗುವುದಿಲ್ಲ.

‘ಒಂದು ಕೆಂಪು, ಒಂದು ನೀಲಿ’ ಎಂದು ಕೇಳಿದರೆ ಕೆಂಪು-ನೀಲಿ ಮಾತ್ರ ಬರೆದು 15/56ಕ್ಕೆ ನಿಲ್ಲಬೇಡಿ. ಯಾವುದು ಮೊದಲು ಎಂದು ಪ್ರಶ್ನೆ ಹೇಳಿಲ್ಲ. ನೀಲಿ-ಕೆಂಪು ಕೂಡ ಸೇರಬೇಕು. ಉತ್ತರ 30/56, ಅಂದರೆ 15/28. ‘ಕನಿಷ್ಠ ಒಂದು ನೀಲಿ’ ಎಂದಿದ್ದರೆ ಮೂರು ತುದಿಗಳನ್ನು ಕೂಡಿಸುವುದಕ್ಕಿಂತ, ನೀಲಿಯೇ ಇಲ್ಲದ ಒಂದು ತುದಿಯನ್ನು 1ರಿಂದ ಕಳೆಯುವುದು ಚುರುಕು: 1 − 20/56 = 36/56 = 9/14.

ಇನ್ನು ಅಂಕ ಹೆಚ್ಚಿರುವ ಪ್ರಶ್ನೆ. ‘ಎರಡನೆಯ ಚೆಂಡು ನೀಲಿ ಎಂದು ತಿಳಿದಿದೆ. ಮೊದಲನೆಯದು ಕೆಂಪಾಗಿದ್ದ ಸಂಭವನೀಯತೆ ಎಷ್ಟು?’ ಮರ ಎಡದಿಂದ ಬಲಕ್ಕೆ ಬೆಳೆದಿದೆ, ಪ್ರಶ್ನೆ ಬಲದಿಂದ ಎಡಕ್ಕೆ ನೋಡುತ್ತಿದೆ. ಗಾಬರಿಯಾಗಿ ಹೊಸ ಮರ ಬರೆಯಬೇಕಾಗಿಲ್ಲ. ತಿಳಿದಿರುವ ಸಂಗತಿಗೆ ಒಪ್ಪದ ತುದಿಗಳನ್ನು ಹೊಡೆದುಹಾಕಿ. ಎರಡನೆಯದು ನೀಲಿಯಾಗಿರುವ ತುದಿಗಳು ಎರಡೇ: 15/56 ಮತ್ತು 6/56. ಮೇಲೆ ಹೇಳಿದ 56 ಪ್ರಯೋಗಗಳಲ್ಲಿ 21 ಮಾತ್ರ ಈಗ ನಮ್ಮ ಕಣ್ಣ ಮುಂದಿವೆ, ಅವುಗಳಲ್ಲಿ 15ರಲ್ಲಿ ಮೊದಲ ಚೆಂಡು ಕೆಂಪು. ಉತ್ತರ 15/21, ಅಂದರೆ 5/7. ಷರತ್ತುಬದ್ಧ ಸಂಭವನೀಯತೆಯ ಸೂತ್ರ ಹೇಳುವುದೂ ಇದನ್ನೇ: ಬೇಕಾದ ತುದಿಗಳ ಮೊತ್ತವನ್ನು, ಷರತ್ತಿಗೆ ಒಪ್ಪುವ ಎಲ್ಲ ತುದಿಗಳ ಮೊತ್ತದಿಂದ ಭಾಗಿಸಬೇಕು. ಛೇದದಲ್ಲಿ 56 ಹಾಗೆಯೇ ಉಳಿದು 15/56 ಎಂದು ಬರೆದರೆ, ಕೊಟ್ಟ ಸುಳಿವನ್ನು ಬಳಸಿಯೇ ಇಲ್ಲ ಎಂದಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಎರಡನೆಯ ಚೆಂಡು ನೀಲಿಯಾಗುವ ಒಟ್ಟು ಸಂಭವನೀಯತೆ 21/56, ಅಂದರೆ 3/8. ಮೊದಲ ಚೆಂಡು ನೀಲಿಯಾಗುವುದೂ 3/8! ಲೆಕ್ಕ ತಪ್ಪಿತೇನೋ ಎಂದು ಎಷ್ಟೋ ವಿದ್ಯಾರ್ಥಿಗಳು ಇಲ್ಲಿ ಅನುಮಾನಪಡುತ್ತಾರೆ. ತಪ್ಪಿಲ್ಲ. ಮೊದಲನೆಯದರ ಬಣ್ಣ ನಮಗೆ ಗೊತ್ತಿಲ್ಲದಿರುವಾಗ, ಎಂಟು ಚೆಂಡುಗಳಲ್ಲಿ ಯಾವುದು ಬೇಕಾದರೂ ಸಮಾನ ಅವಕಾಶದೊಂದಿಗೆ ಎರಡನೆಯ ಸ್ಥಾನಕ್ಕೆ ಬರಬಹುದು, ಆ ಎಂಟರಲ್ಲಿ ಮೂರು ನೀಲಿ. ಈ ಹೊಂದಾಣಿಕೆಯನ್ನು ನಿಮ್ಮ ಮರದ ಮೇಲೆ ಇನ್ನೊಂದು ತಪಾಸಣೆಯಾಗಿ ಬಳಸಿಕೊಳ್ಳಬಹುದು.

ಎಲ್ಲ ಮರಗಳೂ ಸಮನಾಗಿ ಬೆಳೆಯುವುದಿಲ್ಲ. ಅದೇ ಚೀಲ, ಹೊಸ ನಿಯಮ: ಮರಳಿ ಹಾಕದೆ ಒಂದೊಂದಾಗಿ ತೆಗೆಯುತ್ತಾ ಹೋಗಿ, ನೀಲಿ ಸಿಕ್ಕೊಡನೆ ನಿಲ್ಲಿಸಬೇಕು, ಸಿಗದಿದ್ದರೂ ಮೂರು ಸಲಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಮೊದಲ ಸಲವೇ ನೀಲಿ ಬಂದರೆ ಆ ಗೆರೆ ಅಲ್ಲಿಯೇ ಮುಗಿಯಿತು, ಅದರಿಂದ ಮುಂದೆ ಕವಲು ಎಳೆಯಬಾರದು: 3/8. ಕೆಂಪು, ಆಮೇಲೆ ನೀಲಿ: 15/56. ಕೆಂಪು, ಕೆಂಪು ಬಂದ ಮೇಲೆ ಚೀಲದಲ್ಲಿ 3 ಕೆಂಪು, 3 ನೀಲಿ ಉಳಿದಿರುತ್ತವೆ. ಹಾಗಾಗಿ ಕೊನೆಯ ಕವಲಿನ ಎರಡು ಗೆರೆಗಳಿಗೂ 3/6, ಎರಡು ತುದಿಗಳಿಗೂ 20/56ರ ಅರ್ಧ, ಅಂದರೆ 10/56. ನಾಲ್ಕು ತುದಿಗಳು ಬೇರೆ ಬೇರೆ ಉದ್ದದಲ್ಲಿದ್ದರೂ 21, 15, 10, 10 ಕೂಡಿದರೆ 56 ಆಗುತ್ತದೆ. ನೀಲಿ ಸಿಗುವ ಸಂಭವನೀಯತೆ 46/56, ಅಂದರೆ 23/28.

ಕವಲುಗಳ ಸಂಖ್ಯೆಯ ಬಗ್ಗೆಯೂ ಜಿಪುಣತನ ಬೇಕು. ದಾಳವನ್ನು ನಾಲ್ಕು ಸಲ ಉರುಳಿಸಿದಾಗ ಕನಿಷ್ಠ ಒಂದು ಸಲ 6 ಬೀಳುವ ಸಂಭವನೀಯತೆ ಕೇಳಿದರೆಂದು ಪ್ರತಿ ಚುಕ್ಕೆಯಿಂದಲೂ ಆರು ಗೆರೆ ಎಳೆಯಲು ಹೊರಟರೆ 1296 ತುದಿಗಳಾಗುತ್ತವೆ. ಪ್ರಶ್ನೆಗೆ ಬೇಕಾಗಿರುವುದು 6 ಬಿತ್ತೇ, ಇಲ್ಲವೇ ಎಂಬುದಷ್ಟೇ. ಎರಡೇ ಗೆರೆ ಸಾಕು: 1/6 ಮತ್ತು 5/6. ಹಿಂದಿನ ಫಲಿತಾಂಶ ದಾಳವನ್ನು ಬದಲಿಸುವುದಿಲ್ಲವಾದ್ದರಿಂದ ಇಲ್ಲಿ ಪ್ರತಿ ಕವಲಿನಲ್ಲೂ ಅದೇ ಸಂಖ್ಯೆಗಳು. ಒಮ್ಮೆಯೂ 6 ಬೀಳದ ದಾರಿ ಒಂದೇ, ಅದರ ತುದಿಯಲ್ಲಿ 5/6ನ್ನು ನಾಲ್ಕು ಸಲ ಗುಣಿಸಿದ 625/1296. ಉತ್ತರ 1 − 625/1296 = 671/1296.

ಅದೇ ದಾಳದ ಮೇಲೆ ‘ಸರಿಯಾಗಿ ಎರಡು ಸಲ 6’ ಎಂದು ಕೇಳಿದರೆ ಮರದಲ್ಲಿ 16 ತುದಿಗಳಿವೆ, ಬೇಕಾದವು ಮಾತ್ರ ಅಲ್ಲಲ್ಲಿ ಚದುರಿಕೊಂಡಿವೆ. ಆದರೆ ಅಂಥ ಪ್ರತಿಯೊಂದು ದಾರಿಯಲ್ಲೂ ಎರಡು 1/6, ಎರಡು 5/6 ಇರುವುದರಿಂದ ಎಲ್ಲ ತುದಿಗಳ ಬೆಲೆಯೂ 25/1296. ನಾಲ್ಕು ಸ್ಥಾನಗಳಲ್ಲಿ ಎರಡನ್ನು ಆರಿಸುವ ವಿಧಾನಗಳು 6, ಆದ್ದರಿಂದ ದಾರಿಗಳೂ 6. ಉತ್ತರ 150/1296, ಅಂದರೆ 25/216. ಇಷ್ಟು ದೊಡ್ಡ ಮರವನ್ನು ಪೂರ್ತಿ ಬರೆಯುವುದು ಸಮಯದ ನಷ್ಟ. ಒಂದು ದಾರಿಯನ್ನು ಮಾತ್ರ ಬರೆದು, ಅಂಥವು ಎಷ್ಟು ಎಂಬುದನ್ನು ವಿಕಲ್ಪದ ಸೂತ್ರದಿಂದ ಎಣಿಸಿಕೊಳ್ಳಿ. ಮರಳಿ ಹಾಕದೆ ತೆಗೆಯುವ ಪ್ರಶ್ನೆಯಲ್ಲೂ ಈ ಎಣಿಕೆ ನಡೆಯುತ್ತದೆ: ಕೆಂಪು-ನೀಲಿ, ನೀಲಿ-ಕೆಂಪು ದಾರಿಗಳ ಗೆರೆಗಳ ಮೇಲಿನ ಭಿನ್ನರಾಶಿಗಳು ಬೇರೆಯಾಗಿದ್ದರೂ ತುದಿಯಲ್ಲಿ ಎರಡೂ 15/56 ಆದದ್ದನ್ನು ಗಮನಿಸಿ. ಆದರೆ ನೀಲಿ ಸಿಕ್ಕೊಡನೆ ನಿಲ್ಲಿಸುವಂಥ ಮರದಲ್ಲಿ ಇದು ನಡೆಯದು. ಅಲ್ಲಿ ಒಂದೊಂದು ದಾರಿಯನ್ನೂ ಬರೆಯಲೇಬೇಕು.