ನೆಗೆಟಿವ್ ಮಾರ್ಕಿಂಗ್ ಇದ್ದಾಗ ಅರೆಬರೆ ಗೊತ್ತಿರುವ ಪ್ರಶ್ನೆಗಳನ್ನು ನಾನು ಹೇಗೆ ಬಿಡಿಸಿದೆ

ಎಂಬಿಬಿಎಸ್ ಮುಗಿಸಿ ನಾನು ನೀಟ್ ಪಿಜಿ, ಐಎನ್‌ಐ ಸಿಇಟಿ ಎರಡನ್ನೂ ಬರೆದೆ. ಎರಡರಲ್ಲೂ 200 ಪ್ರಶ್ನೆ, ಎರಡರಲ್ಲೂ ತಪ್ಪಿಗೆ ಅಂಕ ಕಟ್. ಆದರೆ ಕಟ್ ಆಗುವ ಪ್ರಮಾಣ ಬೇರೆ. ನೀಟ್ ಪಿಜಿಯಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಟ್. ಐಎನ್‌ಐ ಸಿಇಟಿಯಲ್ಲಿ ಸರಿಗೆ 1, ತಪ್ಪಿಗೆ ಮೂರರಲ್ಲೊಂದು ಭಾಗ ಕಟ್. ಯಾವಾಗ ಗೆಸ್ ಮಾಡಬೇಕು ಅನ್ನುವುದು ಈ ಲೆಕ್ಕದಿಂದಲೇ ಶುರುವಾಗುತ್ತದೆ.

ಏನೂ ಗೊತ್ತಿಲ್ಲದ ನಾಲ್ಕು ಪ್ರಶ್ನೆಗಳಿಗೆ ಸುಮ್ನೆ ಒಂದೊಂದು ಆಪ್ಷನ್ ಒತ್ತಿದೆವು ಅಂದುಕೊಳ್ಳಿ. ಸರಾಸರಿ ಒಂದು ಸರಿ, ಮೂರು ತಪ್ಪು. ನೀಟ್ ಪಿಜಿಯಲ್ಲಿ 4 ಬಂತು, 3 ಹೋಯಿತು, 1 ಉಳಿಯಿತು. ಐಎನ್‌ಐ ಸಿಇಟಿಯಲ್ಲಿ ಬಂದ 1 ಪೂರ್ತಿ ಹೋಗುತ್ತದೆ. ಎರಡು ಆಪ್ಷನ್ ತೆಗೆದುಹಾಕಲು ಸಾಧ್ಯವಾದರೆ ಚಿತ್ರವೇ ಬದಲಾಗುತ್ತದೆ. ಆಗ ಎರಡು ಪ್ರಶ್ನೆಯಲ್ಲಿ ಒಂದು ಸರಿಯಾದರೂ ನೀಟ್ ಪಿಜಿಯಲ್ಲಿ 3 ಅಂಕ ಉಳಿಯುತ್ತದೆ, ಅಂದರೆ ಪ್ರಶ್ನೆಗೆ ಒಂದೂವರೆ. ಇಂಥದ್ದನ್ನು ಬಿಟ್ಟು ಬರುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅವರು ಓದಿದ್ದು ಅಂಕವಾಗಿ ಬರುವುದೇ ಇಲ್ಲ.

ಒಂದು ಉದಾಹರಣೆ ನೋಡಿ. ಕೆಲವು ತಿಂಗಳ ಮಗು, ಕಲಿತಿದ್ದನ್ನು ಮರೆಯುತ್ತಿದೆ, ಕಣ್ಣಿನ ಒಳಗೆ ಚೆರ್ರಿ ರೆಡ್ ಸ್ಪಾಟ್, ಲಿವರ್ ಮತ್ತು ಸ್ಪ್ಲೀನ್ ದೊಡ್ಡದಾಗಿಲ್ಲ. ಆಪ್ಷನ್‌ಗಳು: ಗೌಷೆ, ನೀಮನ್ ಪಿಕ್, ಟೇ ಸ್ಯಾಕ್ಸ್, ಹರ್ಲರ್. ಈ ಕಾಯಿಲೆಗಳ ಎನ್‌ಜೈಮ್ ಒಂದೂ ನೆನಪಿಲ್ಲ ಅಂತಿಟ್ಟುಕೊಳ್ಳೋಣ. ಆದರೂ ಹರ್ಲರ್‌ನಲ್ಲಿ ಕಾರ್ನಿಯಾ ಮಸುಕಾಗುತ್ತದೆ ಅನ್ನುವುದು ಗೊತ್ತು, ಅದು ಹೋಯಿತು. ಗೌಷೆ ಅಂದರೆ ದೊಡ್ಡ ಸ್ಪ್ಲೀನ್, ಅದೂ ಹೋಯಿತು. ಚೆರ್ರಿ ರೆಡ್ ಸ್ಪಾಟ್ ಉಳಿದ ಎರಡರಲ್ಲೂ ಬರುತ್ತದೆ. ಇಲ್ಲಿಗೇ ನಿಂತರೂ ಒಂದೂವರೆ ಅಂಕದ ಗೆಸ್ ಕೈಯಲ್ಲಿದೆ. ಆಮೇಲೆ ಪ್ರಶ್ನೆಯನ್ನು ಇನ್ನೊಮ್ಮೆ ಓದಬೇಕು. ಲಿವರ್, ಸ್ಪ್ಲೀನ್ ದೊಡ್ಡದಾಗಿಲ್ಲ ಅಂತ ಕೇಳುವವರು ಸುಮ್ನೆ ಬರೆದಿರುವುದಿಲ್ಲ, ಎರಡರಲ್ಲಿ ಒಂದನ್ನು ಬೇರೆ ಮಾಡಲಿಕ್ಕೇ ಬರೆದಿದ್ದಾರೆ. ನೀಮನ್ ಪಿಕ್‌ನಲ್ಲಿ ಅವು ದೊಡ್ಡದಾಗುತ್ತವೆ ಅಂತ ಮಸುಕಾಗಿ ನೆನಪಾದರೂ ಸಾಕು, ಉತ್ತರ ಟೇ ಸ್ಯಾಕ್ಸ್.

ಇಲ್ಲಿ ಪ್ರತಿ ಆಪ್ಷನ್ ಹೋಗಿದ್ದು ಒಂದು ಕಾರಣಕ್ಕೆ. ನಾನು ಇಟ್ಟುಕೊಂಡ ನಿಯಮ ಇಷ್ಟೇ: ಕಾರಣವನ್ನು ಒಂದು ಸಣ್ಣ ವಾಕ್ಯದಲ್ಲಿ ಹೇಳಲು ಬಂದರೆ ಮಾತ್ರ ಆ ಆಪ್ಷನ್ ತೆಗೆಯುವುದು. 'ಈ ಹೆಸರು ಕೇಳಿಲ್ಲ' ಅನ್ನುವುದು ಕಾರಣವಲ್ಲ. ಸರಿ ಉತ್ತರವನ್ನೇ ತೆಗೆದುಬಿಟ್ಟರೆ ಉಳಿದ ಎರಡರಲ್ಲಿ ಯಾವುದು ಒತ್ತಿದರೂ ತಪ್ಪೇ, ಅಲ್ವಾ?

ಲೆಕ್ಕ ಸರಿ, ಆದರೆ ನಮ್ಮ ಊಹೆ ಎಷ್ಟು ನಂಬಿಕಸ್ತ? ಅದಕ್ಕೆ ಮಾಕ್ ಟೆಸ್ಟ್ ಬರೆಯುವಾಗಲೇ ಪಕ್ಕದ ಹಾಳೆಯಲ್ಲಿ ಪ್ರಶ್ನೆ ನಂಬರ್ ಜೊತೆ ಒಂದು ಗುರುತು ಹಾಕುತ್ತಿದ್ದೆ: ಖಚಿತ, ಎರಡು ಉಳಿದಿವೆ, ಮೂರು ಉಳಿದಿವೆ, ಕಾರಣವಿಲ್ಲದೆ ಒಂದು ಆಪ್ಷನ್ ಸೆಳೆಯುತ್ತಿದೆ. ರಿಸಲ್ಟ್ ಬಂದ ಮೇಲೆ ಗುರುತಿನ ಪ್ರಕಾರ ಸರಿ ತಪ್ಪು ಎಣಿಸುವುದು. ನೀಟ್ ಪಿಜಿಗೆ ಗಡಿ ಐದರಲ್ಲಿ ಒಂದು. ಒಂದು ಗುಂಪಿನಲ್ಲಿ ಅದಕ್ಕಿಂತ ಜಾಸ್ತಿ ಸರಿಯಾಗುತ್ತಿದ್ದರೆ ಗೆಸ್‌ನಿಂದ ಲಾಭ. ಐಎನ್‌ಐ ಸಿಇಟಿಗೆ ಗಡಿ ನಾಲ್ಕರಲ್ಲಿ ಒಂದು. ಒಂದೇ ಟೆಸ್ಟಿನ ಏಳೆಂಟು ಪ್ರಶ್ನೆ ನೋಡಿ ತೀರ್ಮಾನ ಮಾಡಬೇಡಿ. ಹಲವು ಟೆಸ್ಟ್‌ಗಳನ್ನು ಸೇರಿಸಿ ಒಂದೊಂದು ಗುಂಪಿನಲ್ಲಿ ನಲವತ್ತು ಐವತ್ತು ಪ್ರಶ್ನೆಯಾದರೂ ಆಗಲಿ.

ಇದರಲ್ಲಿ ಕಣ್ಣಿಡಬೇಕಾದ್ದು ಕೊನೆಯ ಗುಂಪು. ಪ್ರಶ್ನೆ ಮಾಡುವವರು ಅರ್ಧ ಓದಿದವರಿಗೆಂದೇ ಪರಿಚಿತವಾಗಿ ಕಾಣುವ ತಪ್ಪು ಆಪ್ಷನ್ ಇಟ್ಟಿರುತ್ತಾರೆ. ಹಾಗಾಗಿ ಕಾರಣವಿಲ್ಲದ ಸೆಳೆತ ಕಣ್ಣುಮುಚ್ಚಿ ಒತ್ತಿದ್ದಕ್ಕಿಂತಲೂ ಕೆಟ್ಟ ಫಲ ಕೊಡಬಹುದು. ನಿಮ್ಮ ಹಾಳೆಯಲ್ಲಿ ಹಾಗೆ ಕಂಡರೆ ನೀಟ್ ಪಿಜಿಯಲ್ಲಿ ಸೆಳೆತವನ್ನು ಬದಿಗಿಟ್ಟು, ಮನೆಯಿಂದ ಹೊರಡುವಾಗಲೇ ಒಂದು ಅಕ್ಷರ, ಉದಾಹರಣೆಗೆ ಸಿ, ಗೊತ್ತು ಮಾಡಿಕೊಂಡು ಅದನ್ನೇ ಒತ್ತಿ. ಸರಾಸರಿ ಪ್ರಶ್ನೆಗೆ ಕಾಲು ಅಂಕ ಸಿಗುತ್ತದೆ. ಆದರೆ ಇದು ಖಾತ್ರಿ ಲಾಭವಲ್ಲ: ಇಪ್ಪತ್ತು ಪ್ರಶ್ನೆಗೆ ಹೀಗೆ ಮಾಡಿದರೆ ಸರಾಸರಿ 5 ಅಂಕ, ಆದರೆ ಮೂರೇ ಸರಿಯಾದರೆ 5 ಅಂಕ ನಷ್ಟ. ಐಎನ್‌ಐ ಸಿಇಟಿಯಲ್ಲಿ ಇಂಥ ಪ್ರಶ್ನೆಗಳನ್ನು ನಾನು ಬಿಟ್ಟೇ ಬಿಟ್ಟೆ, ಅಲ್ಲಿ ಸರಾಸರಿ ಸೊನ್ನೆ. ಆದರೆ ಒಂದೇ ಒಂದು ಆಪ್ಷನ್ ಕಾರಣಸಹಿತ ಹೋದರೂ ಅಲ್ಲಿಯೂ ಉತ್ತರಿಸಿದೆ.

ನೀಟ್ ಪಿಜಿಯಲ್ಲಿ 2024ರಿಂದ ಪೇಪರ್ 40 ಪ್ರಶ್ನೆಗಳ ಐದು ಭಾಗವಾಗಿದೆ, ಒಂದೊಂದಕ್ಕೆ 42 ನಿಮಿಷ. ಸಮಯ ಮುಗಿದ ಭಾಗಕ್ಕೆ ಮತ್ತೆ ಹೋಗಲು ಆಗುವುದಿಲ್ಲ. ಅದಕ್ಕೇ ಎರಡು ಆಪ್ಷನ್ ಉಳಿದ ಪ್ರಶ್ನೆಗೆ ಆಗಲೇ ಒಂದನ್ನು ಒತ್ತಿ, ಗುರುತು ಹಾಕಿ ಮುಂದೆ ಹೋಗಿ. ಆ ಭಾಗದ ಕೊನೆಯ ನಾಲ್ಕೈದು ನಿಮಿಷವನ್ನು ಇಂಥವಕ್ಕೇ ಇಟ್ಟುಕೊಳ್ಳಿ, ಪೂರ್ತಿ ಗೊತ್ತಿಲ್ಲದವಕ್ಕಲ್ಲ.