ಫೈಬರ್ ಹಾಕಿದ ಫ್ಲೋರ್‌ನಲ್ಲಿ ಬಿರುಕು ಎಲ್ಲಿ ಹೋಗುತ್ತದೆ?

ಫೋರ್ಕ್‌ಲಿಫ್ಟ್ ಓಡಾಡುವ ಗೋದಾಮಿಗೆ 180 ಮಿ.ಮೀ. ದಪ್ಪದ ಕಾಂಕ್ರೀಟ್ ಫ್ಲೋರ್ ಹಾಕಿಸುವಾಗ, ಉಕ್ಕಿನ ಸರಳುಗಳ ಮೆಶ್ ಬಿಟ್ಟು ಎರಡು ಬಗೆಯ ಫೈಬರ್ ಬಳಸಿದೆವು. ಪ್ರತಿ ಘನ ಮೀಟರ್‌ಗೆ ತುದಿ ಬಾಗಿದ, 60 ಮಿ.ಮೀ. ಉದ್ದದ ಸ್ಟೀಲ್ ಫೈಬರ್ 25 ಕೆ.ಜಿ., ಜೊತೆಗೆ 12 ಮಿ.ಮೀ.ನ ಕೂದಲಿನಷ್ಟು ಸಣ್ಣ ಪಾಲಿಪ್ರೊಪಿಲೀನ್ ಫೈಬರ್ 0.9 ಕೆ.ಜಿ.

ಎರಡರ ಕೆಲಸವೂ ಬೇರೆ. ಸುರಿದ ಮೊದಲ ಕೆಲವು ಗಂಟೆಗಳಲ್ಲಿ ಮೇಲ್ಮೈ ಬೇಗ ಒಣಗಿ, ಕಾಂಕ್ರೀಟ್‌ಗೆ ಇನ್ನೂ ಬಲ ಬಾರದಿರುವಾಗ ಬೀಳುವ ಬಿರುಕನ್ನು ಪಾಲಿಪ್ರೊಪಿಲೀನ್ ತಡೆಯುತ್ತದೆ. ಗಟ್ಟಿಯಾದ ಮೇಲೆ ಅಷ್ಟು ಕಡಿಮೆ ಪ್ರಮಾಣದ ಮೃದು ನಾರಿನಿಂದ ಹೆಚ್ಚೇನೂ ಆಗದು. ಅಲ್ಲಿಂದ ಮುಂದೆ ಸ್ಟೀಲ್‌ನ ಸರದಿ. ಆದರೆ ಅದೂ ಬಿರುಕು ಹುಟ್ಟುವುದನ್ನು ತಡೆಯುವುದಿಲ್ಲ. ಹುಟ್ಟಿದ ಬಿರುಕಿನ ಎರಡು ದಡಗಳನ್ನು ಹಿಡಿದಿಟ್ಟು, ಅಗಲವಾಗದಂತೆ ನೋಡಿಕೊಳ್ಳುತ್ತದೆ. 'ಫೈಬರ್ ಹಾಕಿದ್ದೀವಲ್ಲ, ಜಾಯಿಂಟ್ ಯಾಕೆ?' ಎಂದು ಕೇಳುವವರಿಗೆ ನಾನು ಹೇಳುವುದೂ ಇದನ್ನೇ. ಒಣಗುವಾಗ ಕಾಂಕ್ರೀಟ್‌ನ ಕುಗ್ಗುವಿಕೆ ಮೀಟರ್‌ಗೆ 0.5 ಮಿ.ಮೀ. ಎಂದು ಹಿಡಿದರೂ 6 ಮೀಟರ್‌ನ ಪ್ಯಾನೆಲ್ 3 ಮಿ.ಮೀ. ಕುಗ್ಗಬಯಸುತ್ತದೆ, ಅದು ಎಲ್ಲಾದರೂ ತೆರೆದುಕೊಳ್ಳಲೇಬೇಕು. ಹಾಗಾಗಿ 6 ಮೀಟರ್‌ಗೊಂದರಂತೆ, ದಪ್ಪದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಜಾಯಿಂಟ್ ಕಟ್ ಮಾಡಿಸಿದೆವು. ಜಾಯಿಂಟ್ ಇಲ್ಲದ ಫ್ಲೋರ್ ಬೇಕೆಂದರೆ ಸ್ಟೀಲ್ ಪ್ರಮಾಣ 35–40 ಕೆ.ಜಿ.ಗೆ ಏರುತ್ತದೆ, ಅಂಚಿನಲ್ಲಿ ದೊಡ್ಡದಾಗಿ ತೆರೆಯುವ ಸಂದಿಗೆ ಉಕ್ಕಿನ ಅಂಚುಪಟ್ಟಿಯೂ ಬೇಕು. ಅದು ಬೇರೆಯೇ ಲೆಕ್ಕ.

ನಮಗೆ ನಿಜವಾಗಿ ತಲೆನೋವಾಗಿದ್ದು ಫೈಬರ್ ಎಲ್ಲ ಕಡೆ ಸಮವಾಗಿ ಹರಡಿದೆಯೇ ಎನ್ನುವುದು. ಲಾರಿ ಸುರಿಯುವಾಗ ಆರಂಭ, ನಡು, ಕೊನೆಯಲ್ಲಿ 10 ಲೀಟರ್‌ನಂತೆ ಕಾಂಕ್ರೀಟ್ ತೆಗೆದು, ನೀರಲ್ಲಿ ತೊಳೆದು, ಅಯಸ್ಕಾಂತದಿಂದ ಫೈಬರ್ ಆರಿಸಿ, ಒಣಗಿಸಿ ತೂಗಿದೆವು. ಪ್ರತಿಯೊಂದರಲ್ಲೂ ಸುಮಾರು 250 ಗ್ರಾಂ ಸಿಗಬೇಕು. ಸಿಕ್ಕಿದ್ದು 160, 230, 360. ಸರಾಸರಿ ಸರಿಯೇ ಇತ್ತು, ಆದರೆ ಸರಾಸರಿಯನ್ನು ಫ್ಲೋರ್ ಮೇಲೆ ಹರಡಲಾಗದು! ವಿಚಾರಿಸಿದರೆ, ಲಾರಿಯ ಡ್ರಮ್ ನಿಧಾನ ತಿರುಗುತ್ತಿರುವಾಗಲೇ ಚೀಲಗಳನ್ನೆಲ್ಲ ಒಟ್ಟಿಗೆ ಸುರಿದಿದ್ದರು. ಕೆಲವೆಡೆ ಫೈಬರ್ ಮುಷ್ಟಿಗಾತ್ರದ ಉಂಡೆಯೂ ಕಟ್ಟಿತ್ತು. ಆ ಲೋಡ್ ಅನ್ನು ತಿರಸ್ಕರಿಸಿದೆವು.

ಮುಂದಿನ ಲೋಡ್‌ಗಳಿಗೆ ಡ್ರಮ್ ಪೂರ್ಣ ವೇಗದಲ್ಲಿ ತಿರುಗುವಾಗ ನಿಮಿಷಕ್ಕೆ 30 ಕೆ.ಜಿ.ಗಿಂತ ಹೆಚ್ಚಿಲ್ಲದಂತೆ ಸ್ಟೀಲ್ ಹಾಕಿ, ಎಲ್ಲ ಬಿದ್ದ ಮೇಲೆ ಇನ್ನೂ 5 ನಿಮಿಷ ತಿರುಗಿಸಿದೆವು. 6 ಘನ ಮೀಟರ್ ಲಾರಿಗೆ 150 ಕೆ.ಜಿ. ಫೈಬರ್, ಹಾಕಲು 5, ಕಲಸಲು 5 ನಿಮಿಷ. ತೂಕಗಳು ಹತ್ತಿರ ಬಂದವು. ಫೈಬರ್‌ನಿಂದ ಇಳಿದ ಸ್ಲಂಪ್ ಅನ್ನು, ಅಂದರೆ ಕಾಂಕ್ರೀಟ್‌ನ ಸಡಿಲತೆಯನ್ನು, ಅಡ್‌ಮಿಕ್ಸ್ಚರ್ ಎಂಬ ರಾಸಾಯನಿಕದಿಂದ ಸರಿಪಡಿಸಿದೆವೇ ಹೊರತು ನೀರಿನ ಪೈಪ್ ಮುಟ್ಟಲು ಬಿಡಲಿಲ್ಲ. ಹೆಚ್ಚು ನೀರು ಎಂದರೆ ಹೆಚ್ಚು ಕುಗ್ಗುವಿಕೆ.

ಕಂಬಗಳ ಸುತ್ತ ಫೋಮ್ ಪಟ್ಟಿ, ಫ್ಲೋರ್‌ನಲ್ಲಿದ್ದ ಪಿಟ್‌ನ ಒಳಮೂಲೆಗಳಿಗೆ ಓರೆಯಾಗಿ ಸರಳು ಇಟ್ಟಿದ್ದೆವು. ಆದರೂ ಒಂದು ಮೂಲೆಯಿಂದ ಬಿರುಕಿನ ಗೆರೆ ಹೊರಟಿತು. ಗೇಜ್ ಇಟ್ಟು ನೋಡಿದಾಗ 0.2 ಮಿ.ಮೀ. ಅಗಲವಿತ್ತು. ಲೋಡ್ ಹೊತ್ತ ಫೋರ್ಕ್‌ಲಿಫ್ಟ್‌ಗಳು ಓಡಾಡಲು ಶುರುವಾದ ಮೇಲೂ ಅಷ್ಟೇ ಇದೆ, ಅಂಚು ಉದುರಿಲ್ಲ. ಅದಕ್ಕೆ ರಿಪೇರಿ ಬೇಡವೆಂದು ಬರೆದುಕೊಟ್ಟೆ.