ಬಿಳಿ ಪಂಚೆ ಹಸಿರಾಗಿ ಬಂದಾಗ ಲ್ಯಾಬಿಗೆ ಬರೆದ ಪತ್ರ

ಬದಿಯಡ್ಕ ಕಡೆಯ ಒಂದು ಉಪನಯನದ ಫೋಟೋಗಳನ್ನು ಪ್ರಿಂಟಿಗೆಂದು ಮಂಗಳೂರಿನ ಲ್ಯಾಬಿಗೆ ಕಳಿಸಿದ್ದೆ. ಬಂದ ಪ್ರಿಂಟುಗಳಲ್ಲಿ ವಟುವಿನ ಪಂಚೆ ಹಸಿರು ಹೊಡೆಯುತ್ತಿತ್ತು, ಮುಖಗಳು ಕಂದಿದ್ದವು. ಸ್ಕ್ರೀನಿನಲ್ಲಿ ಕಂಡದ್ದಕ್ಕಿಂತ ಎಲ್ಲವೂ ಕಪ್ಪಾಗಿತ್ತು. ‘ಸ್ಕ್ರೀನಿನಲ್ಲಿ ಚೆನ್ನಾಗಿತ್ತು’ ಎಂದು ಬರೆದರೆ ‘ನಿಮ್ಮ ಸ್ಕ್ರೀನೇ ಸರಿಯಿಲ್ಲ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಪತ್ರದಲ್ಲಿ ಸ್ಕ್ರೀನನ್ನು ಸಾಕ್ಷಿಗೆ ಕರೆಯಲೇ ಇಲ್ಲ.

ಕಪ್ಪಾಗಿರುವುದು ಬೇರೆ ದೂರು, ಹಸಿರಾಗಿರುವುದು ಬೇರೆ. ಸ್ಕ್ರೀನ್ ತಾನೇ ಬೆಳಗುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಬ್ರೈಟ್‌ನೆಸ್ ಏರಿಸಿಟ್ಟ ಸ್ಕ್ರೀನಿನ ಪಕ್ಕ ಯಾವ ಪ್ರಿಂಟ್ ಹಿಡಿದರೂ ಕಪ್ಪಾಗಿಯೇ ಕಾಣುತ್ತದೆ. ನನಗೆ ಆಧಾರವಾದದ್ದು ಮಾದರಿ ಪ್ರಿಂಟ್. ಮನೆಯವರಿಗೆ ತೋರಿಸಲೆಂದು ಇದೇ ಫೈಲನ್ನು ಇದೇ ಲ್ಯಾಬಿನಲ್ಲಿ ಮೊದಲೇ ಒಂದು ಹಾಕಿಸಿದ್ದೆ. ಎರಡನ್ನೂ ಜಗಲಿಯಲ್ಲಿ ಹಗಲು ಬೆಳಕಿಗೆ ಜೊತೆಯಾಗಿಟ್ಟು ನೋಡಿದೆ. ಟ್ಯೂಬ್‌ಲೈಟಿನಡಿ ನೋಡಬಾರದು, ಕೆಲವು ಟ್ಯೂಬುಗಳ ಬೆಳಕಿನಲ್ಲೇ ಹಸಿರಿರುತ್ತದೆ.

ಅಡಿಕೆ ತೋಟದ ನಡುವಿನ ಅಂಗಳದಲ್ಲಿ ಬೆಳಕಿಗೇ ಹಸಿರು ಛಾಯೆ ಇರುತ್ತದೆ ಎಂಬ ಮಾತೂ ಬರಬಹುದಿತ್ತು. ಅದಕ್ಕೆ ಉತ್ತರ ಫೈಲಿನಲ್ಲೇ ಇದೆ. ಬೆಳಕಿನ ಛಾಯೆ ಕಳೆದು ಬಿಳಿಯನ್ನು ಬಿಳಿಯಾಗಿಸುವ ವೈಟ್ ಬ್ಯಾಲೆನ್ಸ್ ಸರಿಪಡಿಸಿದ ಮೇಲೆ, ಪಂಚೆಯ ಮಡಿಕೆಯಲ್ಲಿ ಕೆಂಪು, ಹಸಿರು, ನೀಲಿ ಮೂರೂ 0ಯಿಂದ 255ರ ಅಳತೆಯಲ್ಲಿ 186ರ ಆಸುಪಾಸಿನಲ್ಲಿ ಸಮನಾಗಿದ್ದವು. ಮೂರೂ ಸಮವಿದ್ದರೆ ಯಾವ ಬಣ್ಣದ ಛಾಯೆಯೂ ಇಲ್ಲ ಎಂದರ್ಥ. ಸ್ಕ್ರೀನ್ ಹೇಗೇ ಇರಲಿ, ಈ ಅಂಕಿಗಳು ಬದಲಾಗುವುದಿಲ್ಲ.

ಆಮೇಲೆ ಎಲ್ಲ ಪ್ರಿಂಟುಗಳನ್ನೂ ನೆಲಕ್ಕೆ ಹರಡಿದೆ. ಗುಲಾಬಿ ಬಟ್ಟೆಯ ಚಪ್ಪರವಿದ್ದ ಚಿತ್ರಗಳು ಮಾತ್ರ ಹಸಿರಾಗಿದ್ದರೆ ಮೆಷಿನಿನ ಆಟೋ ಕರೆಕ್ಷನ್ ಮೇಲೆ ಸಂಶಯ ಬರುತ್ತಿತ್ತು: ಗುಲಾಬಿ ಹೆಚ್ಚಾಯಿತೆಂದು ಅದು ಇಡೀ ಚಿತ್ರವನ್ನು ಹಸಿರಿನತ್ತ ಎಳೆಯುತ್ತದೆ. ಇಲ್ಲಿ ಎಲ್ಲವೂ ಒಂದೇ ಸಮ ಹಸಿರು. ಅಂಚಿನ ಬಿಳಿ ಪಟ್ಟಿ ಮಾತ್ರ ಶುಭ್ರವಾಗಿತ್ತು. ಕಾಗದವೋ ರಾಸಾಯನಿಕವೋ ಕೆಟ್ಟಿದ್ದರೆ ಸಾಮಾನ್ಯವಾಗಿ ಆ ಪಟ್ಟಿಗೂ ಬಣ್ಣ ಹತ್ತುತ್ತದೆ. ಹಾಗಾಗಿ ಕಾಗದದ ರೋಲಿಗೆ ಮೆಷಿನನ್ನು ಹೊಂದಿಸುವ ಕ್ಯಾಲಿಬ್ರೇಷನ್ ತಪ್ಪಿರಬೇಕು ಎನಿಸಿತು. ಬರೆದದ್ದು ಇಷ್ಟು:

‘ಮಾನ್ಯರೇ, ಮಾದರಿ ಪ್ರಿಂಟ್ ಮತ್ತು ಈಗಿನ ಪ್ರಿಂಟ್ ಎರಡನ್ನೂ ಇದರೊಂದಿಗೆ ಇಟ್ಟಿದ್ದೇನೆ. ಫೈಲ್ ಅದೇ, ಕಾಗದದ ಬಗೆಯೂ ಅದೇ. ಈಗಿನದು ಹೆಚ್ಚು ಕಪ್ಪಾಗಿದೆ, ಪಂಚೆ ಹಸಿರಾಗಿದೆ. ಫೈಲಿನ ಬಣ್ಣದ ಮಾನದಂಡ sRGB, ಪಂಚೆಯಲ್ಲಿ ಮೂರು ಬಣ್ಣಗಳೂ ಸಮ. ಈಗ ಹಾಕಿರುವ ರೋಲಿಗೆ ಕ್ಯಾಲಿಬ್ರೇಷನ್ ಮಾಡಿ, ಆಟೋ ಕರೆಕ್ಷನ್ ತೆಗೆದು, ಮೊದಲು ಒಂದೇ ಪ್ರಿಂಟ್ ಹಾಕಿ ಮಾದರಿಯ ಪಕ್ಕ ಇಟ್ಟು ನೋಡಿ. ಹೊಂದಿದರೆ ಉಳಿದವನ್ನೂ ಮತ್ತೆ ಹಾಕಿಕೊಡಬೇಕಾಗಿ ವಿನಂತಿ.’

ಲ್ಯಾಬಿನವರು ಫೋನ್ ಮಾಡಿ, ‘ಫೈಲಿಗೇ ಸ್ವಲ್ಪ ಮಜೆಂಟಾ ಸೇರಿಸಿ ಕಳಿಸಿ ಮಾರಾಯ್ರೆ, ಸರಿಯಾಗ್ತದೆ’ ಎಂದರು. ಮಜೆಂಟಾ ಎಂದರೆ ಹಸಿರನ್ನು ತಗ್ಗಿಸುವ ಕಡು ಗುಲಾಬಿ. ನಾನು ಒಪ್ಪಲಿಲ್ಲ. ಇವತ್ತಿನ ಮೆಷಿನಿಗೆ ತಕ್ಕಂತೆ ಫೈಲನ್ನು ಬಾಗಿಸಿದರೆ, ಮೆಷಿನ್ ಸರಿಯಾದ ದಿನ ಅದೇ ಫೈಲ್ ಗುಲಾಬಿ ಹೊಡೆಯುತ್ತದೆ. ಉಪನಯನದ ಆಲ್ಬಮ್ಮಿನ ಪ್ರತಿಯನ್ನು ಮನೆಯವರು ವರ್ಷಗಳ ನಂತರವೂ ಕೇಳುತ್ತಾರೆ. ಕೊನೆಗೆ ಅವರು ಕ್ಯಾಲಿಬ್ರೇಷನ್ ಮಾಡಿ ಒಂದು ಪ್ರಿಂಟ್ ಕಳಿಸಿದರು. ಮಾದರಿಗೆ ಹೊಂದಿತು. ಉಳಿದವನ್ನು ಹಾಕಲು ಹೇಳಿದೆ.